ಇಮೇಲ್‌ನ ಕೊನೆಯಲ್ಲಿ ನಮ್ಮ ಹೆಸರು: ‘ಡಾ.’ ಎಂದು ನಾವೇ ಬರೆದುಕೊಳ್ಳಬೇಕೆ?

ಶಿಕ್ಷಣ ಸಂಸ್ಥೆಯೊಂದರ ಪರೀಕ್ಷಾ ವಿಭಾಗದಲ್ಲಿ ನನ್ನ ಕೆಲಸ. ಬೇರೆ ಸಂಸ್ಥೆಗಳ ಅಧ್ಯಾಪಕರನ್ನು ಮೌಲ್ಯಮಾಪನಕ್ಕೆ ಆಹ್ವಾನಿಸುವುದು, ಅವರ ಸಂದೇಹಗಳಿಗೆ ಉತ್ತರಿಸುವುದು, ವಿದ್ಯಾರ್ಥಿಗಳ ದೂರುಗಳನ್ನು ವಿಲೇವಾರಿ ಮಾಡುವುದು, ಇವೆಲ್ಲ ಈಗ ಇಮೇಲ್‌ನಲ್ಲೇ ನಡೆಯುತ್ತವೆ. ನನಗೆ ಪಿಎಚ್.ಡಿ. ಇದೆ, ಹುದ್ದೆ ಮಾತ್ರ ಆಡಳಿತದ್ದು. ಹೀಗಾಗಿ ಪತ್ರದ ಕೊನೆಯಲ್ಲಿ ಹೆಸರಿನ ಹಿಂದೆ ‘ಡಾ.’ ಇರಬೇಕೆ, ಬೇಡವೆ ಎಂಬುದನ್ನು ಕೆಲಸಕ್ಕೆ ಸೇರಿದ ದಿನದಿಂದಲೂ ಯೋಚಿಸಬೇಕಾಗಿ ಬಂದಿದೆ. ಈಗ ನಾನು ಪಾಲಿಸುತ್ತಿರುವ ಕ್ರಮವನ್ನೂ ಅದರ ಹಿಂದಿನ ಕಾರಣಗಳನ್ನೂ ಇಲ್ಲಿ ಬರೆಯುತ್ತೇನೆ.

ಕಾಗದದ ಪತ್ರಗಳ ಕಾಲದಲ್ಲಿ ಈ ಗೊಂದಲ ಕಡಿಮೆ ಇತ್ತು. ಪತ್ರದ ಕೆಳಗೆ ಕೈಬರಹದ ಸಹಿ, ಅದರ ಕೆಳಗೆ ಬೆರಳಚ್ಚಿನಲ್ಲಿ ಪೂರ್ಣ ಹೆಸರು, ಅದರ ಕೆಳಗೆ ಹುದ್ದೆ. ಸಹಿಯಲ್ಲಿ ಯಾರೂ ‘ಶ್ರೀ’ ಎಂದೋ ‘ಡಾ.’ ಎಂದೋ ಬರೆಯುತ್ತಿರಲಿಲ್ಲ, ಏಕೆಂದರೆ ಸಹಿ ನಾವು ನಮ್ಮನ್ನು ಹೇಳಿಕೊಳ್ಳುವ ಜಾಗ. ಬೆರಳಚ್ಚಿನ ಸಾಲು ಓದುವವರ ಅನುಕೂಲಕ್ಕೆ. ಪದವಿ, ಹುದ್ದೆ ಏನಿದ್ದರೂ ಅಲ್ಲಿ ಸೇರುತ್ತಿತ್ತು. ಇಮೇಲ್‌ನಲ್ಲಿ ಕೈಬರಹ ಹೋಯಿತು. ಎರಡು ಸಾಲುಗಳ ಕೆಲಸ ಒಂದೇ ಸಾಲಿನ ಮೇಲೆ ಬಿತ್ತು. ‘ಇಂತಿ ತಮ್ಮ ವಿಶ್ವಾಸಿ’ ಎಂದು ಬರೆದ ಮರುಸಾಲಿನಲ್ಲೇ ‘ಡಾ.’ ಬಂದಾಗ ಓದುವವರಿಗೆ ಏನೋ ಎಡವಿದಂತಾಗುವುದು ಈ ಕಾರಣಕ್ಕೆ. ವಿನಯದಿಂದ ಕೈಮುಗಿದ ಸಾಲಿನ ಕೆಳಗೇ ನಮಗೆ ನಾವೇ ಗೌರವ ಕೊಟ್ಟುಕೊಂಡಂತೆ ಕಾಣುತ್ತದೆ.

ಆದ್ದರಿಂದ ನಾನು ಆ ಎರಡು ಸಾಲುಗಳನ್ನು ಮತ್ತೆ ಬೇರೆ ಮಾಡುತ್ತೇನೆ. ಮುಕ್ತಾಯದ ಮಾತಿನ ಕೆಳಗೆ ಹೆಸರು ಮಾತ್ರ. ನಂತರ ಒಂದು ಖಾಲಿ ಸಾಲು. ಅದರ ಕೆಳಗೆ ವಿವರಗಳ ಭಾಗ: ಪೂರ್ಣ ಹೆಸರು, ಅಗತ್ಯವಿದ್ದರೆ ಪದವಿ, ಹುದ್ದೆ, ವಿಭಾಗ, ಸಂಸ್ಥೆ, ದೂರವಾಣಿ. ಹೊರಗಿನ ಮೌಲ್ಯಮಾಪಕರೊಬ್ಬರಿಗೆ ಆಹ್ವಾನ ಕಳುಹಿಸುವಾಗ ನನ್ನ ಪತ್ರ ಮುಗಿಯುವುದು ಹೀಗೆ. ಹೆಸರು ಮಾತ್ರ ಇಲ್ಲಿ ಉದಾಹರಣೆಗಾಗಿ ಇಟ್ಟದ್ದು.

```
ವಂದನೆಗಳೊಂದಿಗೆ,
ಮಾಲತಿ ಶ್ರೀನಿವಾಸ

ಮಾಲತಿ ಶ್ರೀನಿವಾಸ, ಪಿಎಚ್.ಡಿ.
ಉಪ ಪರೀಕ್ಷಾ ನಿಯಂತ್ರಕರು
ಪರೀಕ್ಷಾ ವಿಭಾಗ, (ಸಂಸ್ಥೆಯ ಹೆಸರು)
ದೂರವಾಣಿ: (ಕಚೇರಿಯ ಸಂಖ್ಯೆ)
```

ಹೆಸರು ಎರಡು ಸಲ ಬಂದಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಮೇಲಿನದು ನಾನು ಬರೆದದ್ದು, ಕೆಳಗಿನದು ದಾಖಲೆಗೆ. ಈ ಪತ್ರ ನಾನು ಕಳುಹಿಸಿದವರ ಬಳಿಯೇ ಉಳಿಯುವುದಿಲ್ಲ. ಅವರು ರಜೆಗಾಗಿ ತಮ್ಮ ಪ್ರಾಂಶುಪಾಲರಿಗೆ ಅದನ್ನು ಮುಂದಕ್ಕೆ ಕಳುಹಿಸುತ್ತಾರೆ, ಅಲ್ಲಿ ಯಾರೋ ಮುದ್ರಿಸಿ ಕಡತಕ್ಕೆ ಸೇರಿಸುತ್ತಾರೆ. ಮೂರನೆಯ ಕೈಗೆ ಹೋದಾಗ ನನ್ನ ಪರಿಚಯವಿಲ್ಲದವರಿಗೆ ಆಧಾರವೆಂದರೆ ಆ ನಾಲ್ಕು ಸಾಲುಗಳು ಮಾತ್ರ. ಆದ್ದರಿಂದ ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ಣ ಹೆಸರು ಬರೆಯುತ್ತೇನೆ. ಹುದ್ದೆಯನ್ನೂ ಕಚೇರಿಯೊಳಗೆ ಓಡಾಡುವ ಸಂಕ್ಷಿಪ್ತ ಅಕ್ಷರಗಳಲ್ಲಿ ಬರೆಯುವುದಿಲ್ಲ. ನಮಗೆ ದಿನಬಳಕೆಯ ಮಾತಾಗಿರುವ ಮೂರಕ್ಷರ ಹೊರಗಿನವರಿಗೆ ಒಗಟು.

ಸಾಲುಗಳನ್ನು ನಾಲ್ಕಕ್ಕೆ ನಿಲ್ಲಿಸುವುದು ನನ್ನ ಸ್ವಂತ ಕಂಡುಹಿಡಿತವಲ್ಲ. 1995ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ ಅಂತರ್ಜಾಲ ಶಿಷ್ಟಾಚಾರದ ದಾಖಲೆಯೂ ಸಹಿಯ ಭಾಗ ನಾಲ್ಕು ಸಾಲುಗಳನ್ನು ಮೀರದಿದ್ದರೆ ಒಳ್ಳೆಯದು ಎನ್ನುತ್ತದೆ. ಆ ಕಾಲದ ನಿಧಾನದ ಸಂಪರ್ಕಗಳು ಈಗಿಲ್ಲ, ಆದರೆ ಮೊಬೈಲ್‌ನ ಪುಟ್ಟ ಪರದೆಯಲ್ಲಿ ಆ ಮಿತಿಗೆ ಮತ್ತೆ ಅರ್ಥ ಬಂದಿದೆ.

ಇನ್ನು ಪದವಿಯ ವಿಚಾರ. ಹೆಸರಿನ ಸುತ್ತ ಸೇರುವ ಮಾತುಗಳನ್ನು ನಾನು ಮೂರು ಬಗೆಯಾಗಿ ನೋಡುತ್ತೇನೆ. ಶ್ರೀ, ಶ್ರೀಮತಿ ಇಂಥವು ಇತರರು ನಮಗೆ ಕೊಡುವ ಗೌರವ. ಅವನ್ನು ನಾವೇ ಹಾಕಿಕೊಳ್ಳುವುದಿಲ್ಲ. ಹುದ್ದೆ ಎಂದರೆ ಯಾವ ಅಧಿಕಾರದಿಂದ ಈ ಪತ್ರ ಬರೆಯುತ್ತಿದ್ದೇವೆ ಎಂಬ ಮಾಹಿತಿ. ಅಧಿಕೃತ ಪತ್ರದಲ್ಲಿ ಅದು ಇರಲೇಬೇಕು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಗಳಿಸಿದ ಪದವಿ ಇವೆರಡರ ನಡುವೆ ಇದೆ. ‘ಡಾ.’ ಎಂದು ಹೆಸರಿನ ಹಿಂದೆ ಬಂದರೆ ಅದು ಗೌರವದ ಸಾಲಿಗೆ ಸೇರುತ್ತದೆ, ‘ಪಿಎಚ್.ಡಿ.’ ಎಂದು ಹೆಸರಿನ ಮುಂದೆ ಬಂದರೆ ಮಾಹಿತಿಯಾಗುತ್ತದೆ. ವಿಷಯ ಒಂದೇ ಆದರೂ ಓದುವವರ ಕಿವಿಗೆ ಬೇರೆಯಾಗಿ ಕೇಳುತ್ತದೆ. ಆದ್ದರಿಂದ ನನ್ನ ಸಹಿಯಲ್ಲಿ ಪದವಿ ಹೆಸರಿನ ನಂತರವೇ. ಎರಡೂ ಕಡೆ ಹಾಕಿ ‘ಡಾ. ಮಾಲತಿ ಶ್ರೀನಿವಾಸ, ಪಿಎಚ್.ಡಿ.’ ಎಂದು ಬರೆದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗೆ.

ಹೆಸರಿನ ನಂತರ ಬರೆಯುವುದರಲ್ಲಿ ಇನ್ನೊಂದು ಲಾಭವಿದೆ. ‘ಡಾ.’ ಎಂದಷ್ಟೇ ಇದ್ದರೆ ವೈದ್ಯರೋ ಸಂಶೋಧಕರೋ ತಿಳಿಯುವುದಿಲ್ಲ. ವಿದ್ಯಾರ್ಥಿಯೊಬ್ಬರ ಅನಾರೋಗ್ಯದ ಬಗ್ಗೆ ಆಸ್ಪತ್ರೆಗೆ ಬರೆಯಬೇಕಾದಾಗ ಈ ಸಂದಿಗ್ಧ ಬರೀ ಶಿಷ್ಟಾಚಾರದ್ದಾಗಿ ಉಳಿಯುವುದಿಲ್ಲ. ನನ್ನನ್ನು ವೈದ್ಯೆ ಎಂದು ಭಾವಿಸಿ ಅವರು ಉತ್ತರಿಸುವ ಸಾಧ್ಯತೆ ಇರುತ್ತದೆ. ಅಂಥ ಪತ್ರದಲ್ಲಿ ನಾನು ಪದವಿಯನ್ನೇ ಕೈಬಿಟ್ಟು ಹುದ್ದೆಯನ್ನಷ್ಟೇ ಉಳಿಸುತ್ತೇನೆ.

ಎಲ್ಲಿ ಸೇರಿಸಬೇಕು, ಎಲ್ಲಿ ಬಿಡಬೇಕು ಎಂದು ತೀರ್ಮಾನಿಸಲು ನಾನು ಕೇಳಿಕೊಳ್ಳುವುದು ಒಂದೇ: ಈ ಪತ್ರದ ಕೆಲಸ ಆಗಲು ಪಡೆಯುವವರಿಗೆ ಈ ಮಾಹಿತಿ ಬೇಕೇ? ಪ್ರಬಂಧ ಪರಿಶೀಲನೆಗೆ ಹಿರಿಯ ವಿದ್ವಾಂಸರನ್ನು ಕೇಳುವಾಗ, ಸಂಶೋಧನೆಯ ಕ್ರಮ ಬಲ್ಲವರೇ ಕೇಳುತ್ತಿದ್ದಾರೆ ಎಂದು ಅವರಿಗೆ ತಿಳಿದರೆ ಮಾತು ಸುಲಭವಾಗುತ್ತದೆ. ಅಲ್ಲಿ ಪದವಿ ಇರಲಿ. ಶುಲ್ಕ ಕಟ್ಟಿದ ರಸೀದಿ ಬಂದಿಲ್ಲವೆಂದು ಕೇಳಿದ ವಿದ್ಯಾರ್ಥಿಗೆ ಅದರಿಂದ ಏನೂ ಆಗಬೇಕಿಲ್ಲ. ನನ್ನ ಸ್ವಂತ ಬ್ಯಾಂಕ್ ಖಾತೆಯ ಬಗ್ಗೆ ಬರೆಯುವಾಗಲಂತೂ ಪದವಿಯನ್ನೂ ಹುದ್ದೆಯನ್ನೂ ಹಾಕುವುದಿಲ್ಲ. ಖಾಸಗಿ ಕೆಲಸದ ಪತ್ರದಲ್ಲಿ ಕಚೇರಿಯ ಹುದ್ದೆ ಕಂಡರೆ ಅದು ಒತ್ತಡ ಹೇರಿದಂತೆ ಓದಿಸಿಕೊಳ್ಳುತ್ತದೆ, ಸಂಸ್ಥೆಯ ಹೆಸರೂ ವಿನಾಕಾರಣ ಅದರೊಳಗೆ ಬರುತ್ತದೆ.

ಇಲ್ಲಿ ನನಗೆ ನಿಜಕ್ಕೂ ಕಾಳಜಿಯಿರುವ ಒಂದು ಸಂಗತಿಯಿದೆ. ಹುದ್ದೆಯ ಹೆಸರು ಕಂಡೊಡನೆ ಗಂಡಸೆಂದು ತೀರ್ಮಾನಿಸಿ ‘ಸರ್’ ಎಂದು ಉತ್ತರಿಸುವವರು ಈಗಲೂ ಇದ್ದಾರೆ. ಇದಕ್ಕಿಂತ ನೋವಾಗುವುದು, ಒಂದೇ ಸಮಿತಿಯ ಪಟ್ಟಿಯಲ್ಲಿ ಪುರುಷರಿಗೆಲ್ಲ ‘ಡಾ.’ ಹಾಕಿ, ಅದೇ ಪದವಿಯ ಮಹಿಳೆಗೆ ‘ಶ್ರೀಮತಿ’ ಎಂದು ಬರೆದದ್ದನ್ನು ಕಂಡಾಗ. ಗಳಿಸಿದ ಪದವಿಯನ್ನು ಬರೆದುಕೊಳ್ಳುವುದು ಜಂಬ ಎಂದು ಕಿರಿಯ ಸಹೋದ್ಯೋಗಿಗಳಿಗೆ ನಾನು ಹೇಳದಿರುವುದು ಇದರಿಂದಲೇ. ಸಮಿತಿಯ ಇತರರು ಪದವಿಯೊಡನೆ ಹೆಸರು ಬರೆದಿದ್ದರೆ ನೀವೂ ಬರೆಯಿರಿ. ಪಟ್ಟಿ ಸಿದ್ಧಪಡಿಸುವವರು ಸಹಿಯಿಂದಲೇ ಹೆಸರನ್ನು ನಕಲು ಮಾಡಿಕೊಳ್ಳುತ್ತಾರೆ. ಇಲ್ಲಿ ಒಂದು ಭಾಗವನ್ನು ಸಡಿಲಿಸಿ ‘ಡಾ.’ ಎಂದೇ ವಿವರಗಳ ಸಾಲಿನಲ್ಲಿ ಹಾಕಿದರೂ ನನ್ನ ತಕರಾರಿಲ್ಲ. ಹೇಗೆ ಸಂಬೋಧಿಸಬೇಕೆಂದು ತಿಳಿಸುವುದಷ್ಟೇ ಉದ್ದೇಶವಾದರೆ ಹಳೆಯ ಪದ್ಧತಿಯೊಂದಿದೆ: ವಿವರಗಳ ಸಾಲಿನಲ್ಲಿ ಹೆಸರಿನೊಡನೆ ‘(ಶ್ರೀಮತಿ)’ ಅಥವಾ ‘(ಶ್ರೀ)’ ಎಂದು ಆವರಣದಲ್ಲಿ ಕೊಡುವುದು. ಆವರಣದೊಳಗಿದ್ದಾಗ ಅದು ಸೂಚನೆ, ಹೊರಗಿದ್ದಾಗ ಬಿರುದು.

ಪದವಿ ಇನ್ನೂ ಕೈಗೆ ಬಾರದವರು ಅದರ ಹತ್ತಿರದ ಅಕ್ಷರಗಳನ್ನು ಬಳಸಬಾರದು. ‘ಪಿಎಚ್.ಡಿ. (ಸಿ)’ ಎಂಬ ಬರಹ ಅವಸರದಲ್ಲಿ ಓದುವವರಿಗೆ ಪಿಎಚ್.ಡಿ. ಎಂದೇ ಕಾಣುತ್ತದೆ. ‘ಸಂಶೋಧನಾ ವಿದ್ಯಾರ್ಥಿ’ ಎಂದು ಹುದ್ದೆಯ ಸಾಲಿನಲ್ಲಿ ಬರೆದರೆ ಸ್ಪಷ್ಟವಾಗಿ ತಿಳಿಯುತ್ತದೆ. ಹುದ್ದೆಗೂ ಇದೇ ಮಾತು. ಮೇಲಧಿಕಾರಿ ರಜೆಯಲ್ಲಿದ್ದು ಅವರ ಕೆಲಸ ನೋಡಿಕೊಳ್ಳುವಾಗ ನಾನು ‘ಪರೀಕ್ಷಾ ನಿಯಂತ್ರಕರು (ಪ್ರಭಾರ)’ ಎಂದು ಬರೆಯುತ್ತೇನೆ. ಅವರೇ ತೀರ್ಮಾನಿಸಿದ್ದನ್ನು ನಾನು ತಿಳಿಸುತ್ತಿರುವುದಷ್ಟೇ ಆದರೆ ‘ಪರೀಕ್ಷಾ ನಿಯಂತ್ರಕರ ಪರವಾಗಿ’ ಎಂದು ಬರೆದು ಕೆಳಗೆ ನನ್ನ ಹೆಸರು, ನನ್ನ ಹುದ್ದೆ. ಮೊದಲನೆಯದರಲ್ಲಿ ನಿರ್ಧಾರದ ಹೊಣೆ ನನ್ನದು, ಎರಡನೆಯದರಲ್ಲಿ ಅವರದು. ಮುಂದೆ ಯಾರಾದರೂ ಪ್ರಶ್ನಿಸಿದರೆ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

ಇದನ್ನೆಲ್ಲ ಪ್ರತಿ ಪತ್ರಕ್ಕೂ ಕೈಯಲ್ಲಿ ಬರೆಯಬೇಕಿಲ್ಲ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ `Signature` ಎಂಬಲ್ಲಿ ಒಂದಕ್ಕಿಂತ ಹೆಚ್ಚು ಸಹಿಗಳನ್ನು ಉಳಿಸಬಹುದು. ನಾನು ಪದವಿಯಿರುವ ಪೂರ್ಣ ಸಹಿ, ಪದವಿಯಿಲ್ಲದ ಪೂರ್ಣ ಸಹಿ, ಹೆಸರು ಮತ್ತು ಹುದ್ದೆ ಮಾತ್ರ ಇರುವ ಚಿಕ್ಕ ಸಹಿ ಎಂದು ಇಟ್ಟುಕೊಂಡಿದ್ದೇನೆ. ಅಲ್ಲೇ ಕೆಳಗಿರುವ `Signature defaults` ಎಂಬಲ್ಲಿ ಹೊಸ ಪತ್ರಕ್ಕೆ ಪದವಿಯಿಲ್ಲದ ಪೂರ್ಣ ಸಹಿಯನ್ನೂ ಮರುತ್ತರಕ್ಕೆ ಚಿಕ್ಕದನ್ನೂ ಆರಿಸಿದ್ದೇನೆ. ಪದವಿ ಬೇಕಾದಾಗ ಬರೆಯುವ ಪೆಟ್ಟಿಗೆಯ ಕೆಳಗಿನ ಪೆನ್ನಿನ ಗುರುತನ್ನು ಒತ್ತಿ ಬದಲಿಸುತ್ತೇನೆ. ಹೀಗೆ ಅದು ಪ್ರತಿ ಸಲವೂ ಯೋಚಿಸಿ ಸೇರಿಸಿದ್ದಾಗುತ್ತದೆ. ಸಹಿಯನ್ನು ಚಿತ್ರವಾಗಿ ಮಾಡಿ ಅಂಟಿಸುವುದಿಲ್ಲ. ಚಿತ್ರಗಳನ್ನು ತಡೆಹಿಡಿಯುವ ಇಮೇಲ್ ವ್ಯವಸ್ಥೆಗಳಲ್ಲಿ ಅದು ಕಾಣಿಸುವುದಿಲ್ಲ, ದೃಷ್ಟಿದೋಷವಿರುವವರು ಬಳಸುವ ಪರದೆ ಓದುವ ತಂತ್ರಾಂಶಕ್ಕೂ ಅದರೊಳಗಿನ ಹೆಸರು ಸಿಗದೆ ಹೋಗಬಹುದು.

ಸಹಿಯ ಜೊತೆಗೆ, ಕಳುಹಿಸಿದವರು ಎಂಬಲ್ಲಿ ಕಾಣುವ ಹೆಸರನ್ನೂ ನೋಡಿಕೊಳ್ಳಬೇಕು. ಅಲ್ಲಿ ನಾನು ‘ಡಾ.’ ಹಾಕಿಲ್ಲ. ವಿಳಾಸ ಪುಸ್ತಕದಲ್ಲಿ ಹೆಸರುಗಳು ಅಕ್ಷರಕ್ರಮದಲ್ಲಿ ಬರುವಾಗ ಡಾಕ್ಟರುಗಳೆಲ್ಲ ಒಂದೇ ಕಡೆ ಗುಂಪುಗೂಡುತ್ತಾರೆ, ಮಾಲತಿಯನ್ನು ‘ಮ’ದಲ್ಲಿ ಹುಡುಕುವವರಿಗೆ ಅವಳು ಸಿಗುವುದಿಲ್ಲ. ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಸಹಿಗೆ ಬೇರೆಯೇ ಸೆಟ್ಟಿಂಗ್ ಇದೆ. ಬಡ್ತಿಯಾದಾಗ ಕಂಪ್ಯೂಟರಿನಲ್ಲಿ ಹುದ್ದೆ ಬದಲಿಸಿ ಫೋನನ್ನು ಹಾಗೇ ಬಿಟ್ಟರೆ ಒಂದೇ ದಿನ ಒಬ್ಬರಿಗೇ ಎರಡು ಹುದ್ದೆಗಳಿಂದ ಪತ್ರ ಹೋಗುತ್ತದೆ. ಹುದ್ದೆ ಬದಲಾದ ಆದೇಶ ಕೈಗೆ ಬಂದ ದಿನ ನಾನು ಎರಡರಲ್ಲೂ ಸಹಿಯನ್ನು ತಿದ್ದಿ, ನನಗೇ ಒಂದೊಂದು ಪತ್ರ ಕಳುಹಿಸಿಕೊಂಡು ಓದಿ ನೋಡುತ್ತೇನೆ.