ಹತ್ತು ಕಿಲೋಮೀಟರ್‌ಗೆ ಒಂದು ಯೂನಿಟ್: ತುಮಕೂರಿನಲ್ಲಿ ನನ್ನ ಕರೆಂಟ್ ಆಟೋ ಲೆಕ್ಕ

ಗಾಡಿ ತಗೊಳ್ಳುವಾಗ ಶೋರೂಮ್ ಹುಡುಗ ಹೇಳಿದ್ದು, 'ಅಣ್ಣ, ಒಂದು ಚಾರ್ಜ್‌ಗೆ 130 ಕಿಲೋಮೀಟರ್.' ನಾನು ಅದನ್ನೇ ನಂಬಿಕೊಂಡೆ. ಮೊದಲ ವಾರವೇ ಒಂದು ಸಂಜೆ ಕ್ಯಾತ್ಸಂದ್ರದಿಂದ ವಾಪಸ್ ಬರುವಾಗ ಮೀಟರ್‌ನಲ್ಲಿ 6 ಪರ್ಸೆಂಟ್ ಉಳಿದಿತ್ತು. ಅವತ್ತು ಓಡಿಸಿದ್ದು 83 ಕಿಲೋಮೀಟರ್ ಅಷ್ಟೇ. ಗಾಡಿ ತಾನೇ ವೇಗ ಕಡಿಮೆ ಮಾಡಿಕೊಂಡು ಬಿಟ್ಟಿತ್ತು. ಬಟವಾಡಿ ಹತ್ತಿರ ಸೈಕಲ್ಲಿನವನೂ ನನ್ನನ್ನು ಹಿಂದೆ ಹಾಕಿದ.

ನನ್ನ ಬ್ಯಾಟರಿ 7.4 ಯೂನಿಟ್ ಹಿಡಿಯುತ್ತದೆ. ಕಂಪನಿಯವರು ಅದನ್ನು ಕಿಲೋವ್ಯಾಟ್ ಅವರ್ ಅಂತ ಬರೆಯುತ್ತಾರೆ. ನಮ್ಮ ಮನೆ ಕರೆಂಟ್ ಬಿಲ್ಲಿನ ಯೂನಿಟ್ಟೇ ಅದು, ಬೇರೆ ಏನಲ್ಲ. ಆದರೆ ಬ್ಯಾಟರಿಗೆ ಹೋಗುವಷ್ಟೇ ಯೂನಿಟ್ ಮನೆ ಮೀಟರ್‌ನಲ್ಲಿ ಓಡುವುದಿಲ್ಲ, ಅದಕ್ಕಿಂತ ಜಾಸ್ತಿ ಓಡುತ್ತದೆ. ಚಾರ್ಜರ್ ಬಿಸಿಯಾಗುತ್ತದಲ್ವಾ, ಆ ಬಿಸಿಗೂ ನಾವೇ ದುಡ್ಡು ಕೊಡಬೇಕು. ಇದನ್ನು ತಿಳಿಯೋಕೆ ಆಟೋ ಚಾರ್ಜ್ ಮಾಡುವ ಸಾಕೆಟ್ಟಿಗೆ ಒಂದು ಸಬ್ ಮೀಟರ್ ಹಾಕಿಸಿದೆ. ಒಂದು ತಿಂಗಳು ದಿನಾ ರಾತ್ರಿ ಪ್ಲಗ್ ಹಾಕುವಾಗ ಒಂದು ರೀಡಿಂಗ್, ಬೆಳಿಗ್ಗೆ ತೆಗೆಯುವಾಗ ಒಂದು ರೀಡಿಂಗ್, ಪಕ್ಕದಲ್ಲಿ ಅವತ್ತಿನ ಕಿಲೋಮೀಟರ್. ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ. ತಿಂಗಳ ಕೊನೆಗೆ ಕೂಡಿ ನೋಡಿದರೆ ಹತ್ತು ಕಿಲೋಮೀಟರ್‌ಗೆ ಹೆಚ್ಚು ಕಡಿಮೆ ಒಂದು ಯೂನಿಟ್. ಮೂರು ಜನ ತುಂಬಿಕೊಂಡು ಓಡಿದ ದಿನ ಸ್ವಲ್ಪ ಜಾಸ್ತಿ, ಖಾಲಿ ತಿರುಗಿದ ದಿನ ಸ್ವಲ್ಪ ಕಡಿಮೆ.

ಅಲ್ಲಿಂದ ಎಲ್ಲ ಲೆಕ್ಕ ಸಲೀಸಾಯಿತು. 100 ರಿಂದ 10 ಪರ್ಸೆಂಟ್‌ವರೆಗೆ ಓಡಿಸಿದರೆ ನನಗೆ ಸಿಗುವುದು 78 ಕಿಲೋಮೀಟರ್. ಹತ್ತರ ಕೆಳಗೆ ನಾನು ಬಾಡಿಗೆ ಹಿಡಿಯುವುದಿಲ್ಲ. ಗಿರಾಕಿಯನ್ನು ನಡುದಾರಿಯಲ್ಲಿ ಇಳಿಸುವ ಕೆಲಸ ಬೇಡ.

ಆದರೆ ನನ್ನ ದಿನದ ಓಟ 85. ಬೆಳಿಗ್ಗೆ ರೈಲ್ವೆ ಸ್ಟೇಷನ್‌ಗೆ ಬೆಂಗಳೂರಿಗೆ ಹೋಗುವವರು, ಆಮೇಲೆ ಬಿ.ಎಚ್. ರಸ್ತೆಯ ಕಾಲೇಜು ಹುಡುಗರು, ಹನ್ನೊಂದರ ಮೇಲೆ ಬಸ್ ಸ್ಟ್ಯಾಂಡ್‌ನಿಂದ ಮಂಡಿಪೇಟೆ, ಶಿರಾ ಗೇಟ್. ಮಧ್ಯಾಹ್ನ ಎರಡರಿಂದ ನಾಲ್ಕು ಸುಮ್ನೆ ಸ್ಟ್ಯಾಂಡಿನಲ್ಲಿ ಕೂರುವುದು. ಮತ್ತೆ ಐದರಿಂದ ಒಂಬತ್ತು, ಬೆಂಗಳೂರಿಂದ ರೈಲು ಬಂದು ನಿಲ್ಲುವ ಹೊತ್ತು, ಅದೇ ನಿಜವಾದ ದುಡಿಮೆ. ದಿನದ 1,250 ರೂಪಾಯಿಯಲ್ಲಿ ಅರ್ಧದಷ್ಟು ಆ ನಾಲ್ಕು ಗಂಟೆಯಲ್ಲೇ ಬರುತ್ತದೆ. ಅದೇ ಹೊತ್ತಿಗೆ ಬ್ಯಾಟರಿ 25 ಪರ್ಸೆಂಟ್‌ಗೆ ಇಳಿದಿದ್ದರೆ ಕ್ಯಾತ್ಸಂದ್ರ, ಮಠದ ಕಡೆ ಬಾಡಿಗೆ ಬಿಟ್ಟು ಹತ್ತಿರದ್ದನ್ನೇ ಹುಡುಕಬೇಕು. ಹಾಗೆ ಬಿಟ್ಟ ಸಂಜೆ ನನಗೆ 250 ರೂಪಾಯಿಯಾದರೂ ಕಮ್ಮಿ.

ದೊಡ್ಡ ಬ್ಯಾಟರಿ ಗಾಡಿಯನ್ನೇ ತಗೋಬೇಕಿತ್ತಾ ಅಂತ ಆಗ ಅನಿಸಿದ್ದು ನಿಜ. ಹತ್ತು ಯೂನಿಟ್ ಹಿಡಿಯುವ ಗಾಡಿಗೆ ನನಗೆ ಹೇಳಿದ್ದು 45 ಸಾವಿರ ಹೆಚ್ಚು. ನಾಲ್ಕು ವರ್ಷದ ಸಾಲದಲ್ಲಿ ಅದು ತಿಂಗಳಿಗೆ 1,200 ರೂಪಾಯಿ ಕಂತು. ಸಿಗುವುದು 25 ಕಿಲೋಮೀಟರ್ ಚಿಲ್ಲರೆ. ನನ್ನ ಮನೆ ಉಪ್ಪಾರಹಳ್ಳಿಯಲ್ಲಿ, ಸ್ಟೇಷನ್‌ಗೆ ಹತ್ತಿರ. ಹೇಗೂ ಖಾಲಿ ಕೂರುವ ಮಧ್ಯಾಹ್ನ ಮನೆಗೆ ಬಂದು ಪ್ಲಗ್ ಹಾಕಿ, ಮುದ್ದೆ ಉಂಡು ಸ್ವಲ್ಪ ಅಡ್ಡಾಗಿ ಎದ್ದರೆ ಒಂದು ಗಂಟೆ. ಅಷ್ಟರಲ್ಲಿ 20 ಕಿಲೋಮೀಟರ್‌ನಷ್ಟು ತುಂಬಿರುತ್ತದೆ. ಆ 1,200 ರೂಪಾಯಿ ಕಂತಿನ ಕೆಲಸ ಈ ಒಂದು ಗಂಟೆಯಲ್ಲಿ ಮುಗಿಯಿತು. ಒಂದು ಮಾತು, ಪೂರ್ತಿ ತುಂಬಲಿ ಅಂತ ಕಾಯಬಾರದು. 90 ದಾಟಿದ ಮೇಲೆ ಚಾರ್ಜ್ ನಿಧಾನ, ಸುಮ್ನೆ ಹೊತ್ತು ಹೋಗುತ್ತದೆ.

ಈ ಮಧ್ಯಾಹ್ನದ ಚಾರ್ಜಿನಲ್ಲೇ ಒಂದು ಎಡವಟ್ಟೂ ಆಯಿತು. ಬಾಗಿಲ ಹತ್ತಿರ ಸಾಕೆಟ್ ಇಲ್ಲವೆಂದು ಟಿವಿಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ದೆ. ಹದಿನೈದು ನಿಮಿಷಕ್ಕೆ ಹೆಂಡತಿ, 'ಏನ್ರೀ, ಏನೋ ಸುಟ್ಟ ವಾಸನೆ' ಅಂದಳು. ಪ್ಲಗ್ ಕಿತ್ತರೆ ಒಂದು ಪಿನ್ ಕಪ್ಪಗಾಗಿತ್ತು, ಬೋರ್ಡಿನ ತೂತು ಮೇಣದ ಹಾಗೆ ಕರಗಿ ಅಗಲವಾಗಿತ್ತು. ಎರಡು ಕಿಲೋವ್ಯಾಟ್ ಎಳೆಯುವ ಚಾರ್ಜರ್ ಅದು. ಮೀಟರ್ ಬೋರ್ಡಿಂದ ನೇರವಾಗಿ ದಪ್ಪ ವೈರ್ ಎಳೆಸಿ, 16 ಆಂಪ್ ಸಾಕೆಟ್, ಅದಕ್ಕೇ ಬೇರೆ ಎಂಸಿಬಿ ಹಾಕಿಸಿದೆ. ಅರ್ತಿಂಗ್ ಕೂಡ. ಈಗಲೂ ಆಗಾಗ ಅರ್ಧ ಗಂಟೆ ಚಾರ್ಜ್ ಆದಮೇಲೆ ಪ್ಲಗ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಎಲ್ಲೋ ಲೂಸ್ ಇದೆ ಅಂತಲೇ ಅರ್ಥ.

ಈಗ ಬಿಲ್ಲಿನ ವಿಷಯ. ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೆದರಿಕೆ ಇರುವುದು ಇಲ್ಲೇ. ನಮ್ಮ ಮನೆಗೆ ತಿಂಗಳಿಗೆ 55 ಯೂನಿಟ್ ಸಾಕು. ಗೃಹಜ್ಯೋತಿ ಬಂದಮೇಲೆ ಬಿಲ್ ಸೊನ್ನೆ ಇತ್ತು. ಆಟೋ ದಿನಕ್ಕೆ 8.5 ಯೂನಿಟ್ ತಿನ್ನುತ್ತದೆ, 26 ದಿನಕ್ಕೆ 221. ಎರಡೂ ಸೇರಿ 276. ಯೋಜನೆಯಲ್ಲಿ 200 ದಾಟಿದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ಲೇ ಕಟ್ಟಬೇಕು. ಚಾರ್ಜರ್‌ಗಾಗಿ ಲೋಡನ್ನು 1 ಕಿಲೋವ್ಯಾಟಿನಿಂದ 3ಕ್ಕೆ ಏರಿಸಿದ್ದರಿಂದ ನಿಗದಿತ ಶುಲ್ಕವೂ ಏರಿತು. ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ 6.70ರಂತೆ ಹಿಡಿದರೆ 1,850, ಶುಲ್ಕ 430. ಒಟ್ಟು ಹತ್ತಿರ ಹತ್ತಿರ 2,300 ರೂಪಾಯಿ.

ಒಬ್ಬ ಗೆಳೆಯ ಇದಕ್ಕೆ ಹೆದರಿ ಮೀಟರ್ 190 ತಲುಪಿದ ಕೂಡಲೇ ಮನೆಯಲ್ಲಿ ಚಾರ್ಜ್ ನಿಲ್ಲಿಸಿ, ತಿಂಗಳ ಕೊನೆಯಲ್ಲಿ ಅರ್ಧ ಚಾರ್ಜಿನಲ್ಲೇ ಓಡಿಸುತ್ತಿದ್ದ. ನಾನು ಹೇಳಿದೆ, ಗುರು, 200 ದಾಟಿ ನಾನು ಕಳಕೊಂಡದ್ದೇನು? ಫ್ರೀ ಇರುವುದು ಮನೆಯ ಹಳೇ ಸರಾಸರಿ ಬಳಕೆಯಷ್ಟಕ್ಕೆ, ಆಟೋ ತಿನ್ನುವ ಯೂನಿಟ್ಟಿಗೆ 200ರ ಒಳಗಿದ್ದರೂ ದುಡ್ಡು ಕಟ್ಟಲೇಬೇಕು. ಹಾಗಾಗಿ ಹೋದದ್ದು ಮನೆಯ 55 ಯೂನಿಟ್ಟಿನ 370 ರೂಪಾಯಿ, ಆ ಶುಲ್ಕ, ಎರಡೂ ಸೇರಿ 800. ಮೂರು ಸಂಜೆ ಬಾಡಿಗೆ ಬಿಟ್ಟರೆ ಅಷ್ಟೇ ಹೋಗುತ್ತದೆ.

2,300 ಕೊಟ್ಟರೂ ಕಿಲೋಮೀಟರ್‌ಗೆ ಒಂದು ರೂಪಾಯಿ ಚಿಲ್ಲರೆ ಬೀಳುತ್ತದೆ. ನನ್ನ ಹಳೇ ಗ್ಯಾಸ್ ಆಟೋ ಲೀಟರ್‌ಗೆ 20 ಕೊಡುತ್ತಿತ್ತು. ಲೀಟರ್ 60 ಅಂದರೆ ಕಿಲೋಮೀಟರ್‌ಗೆ 3 ರೂಪಾಯಿ, ತಿಂಗಳಿಗೆ 6,600. ಆಯಿಲ್, ಫಿಲ್ಟರ್ ಖರ್ಚೂ ಈಗಿಲ್ಲ. ಉಳಿತಾಯ 4,800 ಅಂತಿಟ್ಟುಕೊಳ್ಳಿ.

ಈ ಗಾಡಿಯ ಕಂತು ಮಾತ್ರ 8,200. 'ಗ್ಯಾಸಿನ ದುಡ್ಡಲ್ಲೇ ಕಂತು ಹೋಗುತ್ತೆ' ಅನ್ನುತ್ತಾರಲ್ಲ, ನನ್ನ ಓಟಕ್ಕೆ ಅದು ಸುಳ್ಳು. ಸಾಲ ತೀರಿದ, ಚೆನ್ನಾಗಿ ಓಡುವ ಗ್ಯಾಸ್ ಆಟೋ ಇದ್ದವನು ಅದನ್ನು ಮಾರಿ ಇದನ್ನು ತಂದರೆ ತಿಂಗಳಿಗೆ 3,400 ಕೈಯಿಂದ ಹಾಕಬೇಕು. ನನ್ನದು ಇಂಜಿನ್ ಹೋಗಿತ್ತು, ಹೇಗೂ ಹೊಸದೇ ಬೇಕಿತ್ತು. ಹೊಸ ಗ್ಯಾಸ್ ಗಾಡಿಗೂ 6,000 ಕಂತು ಬರುತ್ತಿತ್ತು. 2,200 ಹೆಚ್ಚು ಕಟ್ಟಿ 4,800 ಉಳಿಸಿದೆ.

ಮೊನ್ನೆ ಗುಬ್ಬಿ ಕಡೆಯ ಹಳ್ಳಿಯವನೊಬ್ಬ ನನ್ನ ಗಾಡಿ ನೋಡಿ, ಇದೇ ತಗೋತೀನಿ ಅಂದ. ಮನೆ ಎಷ್ಟು ದೂರ ಅಂತ ಕೇಳಿದೆ. 14 ಕಿಲೋಮೀಟರ್. ಹೋಗಿ ಬರುವುದಕ್ಕೇ 28, ಅದೂ ಹೆಚ್ಚಿನ ದಿನ ಖಾಲಿ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವ ಹಾಗಿಲ್ಲ. ನನ್ನ ಬ್ಯಾಟರಿಯಲ್ಲಿ ಊರೊಳಗೆ ದುಡಿಯೋಕೆ ಅವನಿಗೆ ಉಳಿಯುವುದು 50 ಕಿಲೋಮೀಟರ್. ನಿನಗೆ ಆ 45 ಸಾವಿರದ ದೊಡ್ಡದೇ ಬೇಕು ಮಾರಾಯ, ಇಲ್ಲವೇ ಸ್ಟ್ಯಾಂಡ್ ಹತ್ತಿರ ಮಧ್ಯಾಹ್ನ ಒಂದು ಗಂಟೆ ಪ್ಲಗ್ ಕೊಡುವ ಅಂಗಡಿಯವರನ್ನು ಮೊದಲು ಹುಡುಕು ಅಂದೆ. ಅವನೀಗ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಪಂಕ್ಚರ್ ಅಂಗಡಿಯವರ ಹತ್ತಿರ ದಿನಕ್ಕೆ ಎಷ್ಟು ಕೊಡಬೇಕು ಅಂತ ಮಾತಾಡುತ್ತಿದ್ದಾನೆ.