ದುಂಡು ಮೇಜು, ಎಂಟು ಚೀಟಿ, ಒಂದು ತಟ್ಟೆ: ಸುತ್ತಿನಿಂದ ಭಾಗಿಸುವ ಲೆಕ್ಕದಲ್ಲಿ ನನ್ನ ಅನುಭವ

ದುಂಡು ಮೇಜಿನ ಲೆಕ್ಕ ಅಂದರೆ ‘ಒಬ್ಬರನ್ನು ಒಂದು ಕಡೆ ಕೂರಿಸಿಬಿಡಿ, ಉಳಿದವರಿಗೆ (n−1)!’ ಎಂದು ಹೇಳಿಕೊಡುವುದೇ ರೂಢಿ. ನಾನು ಆ ದಾರಿ ಬಿಟ್ಟೆ. ಕುರ್ಚಿಗಳಿಗೆ ನಂಬರು ಹಾಕಿ ಎಲ್ಲವನ್ನೂ ಎಣಿಸುವುದು, ಆಮೇಲೆ ಸುತ್ತುಗಳ ಸಂಖ್ಯೆಯಿಂದ ಭಾಗಿಸುವುದು. ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. ಷರತ್ತು ಬಂದ ಕೂಡಲೇ ಇದು ಕೈಕೊಡುತ್ತದೆ ಅಂದರು. ಷರತ್ತು ಇದ್ದಾಗಲೇ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ ಅನ್ನುವುದು ಈಗ ಖಚಿತವಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ದಂಡವಾದ ವಿಷಯ. ಬಡಗಿಯ ಕೈಲಿ ಎಂಟು ಗೂಟದ ತಿರುಗುವ ಮರದ ಹಲಗೆ ಮಾಡಿಸಿದೆ, ಒಂಬೈನೂರು ರೂಪಾಯಿ ಹತ್ತಿರ ಆಯಿತು. ಗೂಟಗಳ ಪಕ್ಕ 1ರಿಂದ 8 ಬರೆಸಿದ್ದೇ ತಪ್ಪು. ಹಲಗೆ ತಿರುಗಿಸಿದರೆ ನಂಬರುಗಳೂ ಜೊತೆಗೇ ತಿರುಗುತ್ತಿದ್ದವು. ಕುರ್ಚಿ ಯಾವುದು, ಕೂತವರು ಯಾರು ಅನ್ನುವ ವ್ಯತ್ಯಾಸವೇ ಅಲ್ಲಿ ಕಾಣದು. ಕುರ್ಚಿ ಅಲುಗಬಾರದು, ಜನ ಮಾತ್ರ ಸುತ್ತಬೇಕು. ಈಗ ಕೆಳಗೆ ಒಂದು ಕಾಗದ, ಅದರ ಮೇಲೆ ವೃತ್ತಾಕಾರವಾಗಿ ಕುರ್ಚಿ ನಂಬರು. ಅದರ ನಡುವೆ ಊಟದ ಸ್ಟೀಲ್ ತಟ್ಟೆ, ತಟ್ಟೆಯ ಅಂಚಿನಲ್ಲಿ ಎಂಟು ಚೀಟಿ. ಖರ್ಚು ಕಾಗದದ್ದು ಮಾತ್ರ.

ನಾಲ್ಕು ಜೋಡಿ ಗಂಡ-ಹೆಂಡತಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಚೀಟಿಗಳ ಮೇಲೆ ಅ–ಆ, ಇ–ಈ, ಉ–ಊ, ಎ–ಏ ಎಂದು ಬರೆಯಿರಿ. ಹ್ರಸ್ವ ಗಂಡ, ದೀರ್ಘ ಹೆಂಡತಿ. ನಂಬರು ಹಾಕಿದ ಎಂಟು ಕುರ್ಚಿಗೆ ಷರತ್ತಿಲ್ಲದೆ 8! ಅಂದರೆ 40320 ರೀತಿ. ಈಗ ತಟ್ಟೆಯನ್ನು ಒಂದೊಂದೇ ಕುರ್ಚಿಯಷ್ಟು ತಿರುಗಿಸುತ್ತಾ ಹೋಗಿ. ಅ ಎಂಬುವನು 1ರಲ್ಲಿದ್ದವನು 2ಕ್ಕೆ, 3ಕ್ಕೆ, ಹೀಗೆ 8ರವರೆಗೆ ಹೋಗಿ ಮತ್ತೆ 1ಕ್ಕೆ ಬರುತ್ತಾನೆ. ಪ್ರತಿ ಸಲವೂ ಅವನು ಬೇರೆ ಕುರ್ಚಿಯಲ್ಲಿರುವುದರಿಂದ ಈ ಎಂಟು ಜೋಡಣೆಗಳಲ್ಲಿ ಯಾವ ಎರಡೂ ಒಂದೇ ಆಗಲಾರವು. ಆದರೆ ಯಾರ ಪಕ್ಕ ಯಾರು ಅನ್ನುವುದು ಎಂಟರಲ್ಲೂ ಒಂದೇ. ಅಂದರೆ 40320 ಜೋಡಣೆಗಳು ಎಂಟೆಂಟರ ಕಟ್ಟುಗಳಾಗಿ ಬೀಳುತ್ತವೆ, ಏಳರ ಕಟ್ಟೂ ಇಲ್ಲ, ನಾಲ್ಕರ ಕಟ್ಟೂ ಇಲ್ಲ. ಭಾಗಿಸುವ ಹಕ್ಕು ಬರುವುದು ಇಲ್ಲಿಂದ: ಎಲ್ಲ ಕಟ್ಟುಗಳ ಗಾತ್ರ ಒಂದೇ. 40320/8 = 5040, ಅದೇ 7!. ‘ಒಬ್ಬರನ್ನು ಕೂರಿಸಿಬಿಡುವುದು’ ಅಂದರೆ ಪ್ರತಿ ಕಟ್ಟಿನಿಂದ ಅ 1ನೇ ಕುರ್ಚಿಯಲ್ಲಿರುವ ಒಂದನ್ನು ಆರಿಸಿಕೊಳ್ಳುವುದು, ಅಷ್ಟೆ.

ಷರತ್ತು ಬಂದರೆ ಒಂದೇ ಪರೀಕ್ಷೆ. ಷರತ್ತಿಗೆ ಸರಿಹೊಂದುವ ಒಂದು ಜೋಡಣೆ ಇಟ್ಟು ತಟ್ಟೆ ತಿರುಗಿಸಿ. ತಿರುಗಿಸಿದ ಮೇಲೂ ಷರತ್ತು ಉಳಿದರೆ ಇಡೀ ಕಟ್ಟು ಒಳಗಿದೆ, ಭಾಗಿಸಬಹುದು. ‘ಅ, ಆ ಪಕ್ಕಪಕ್ಕ’ ಅನ್ನುವುದು ಉಳಿಯುತ್ತದೆ. ‘ಅ ಕಿಟಕಿ ಪಕ್ಕದ ಕುರ್ಚಿಯಲ್ಲೇ’ ಅನ್ನುವುದು ಒಂದು ಹೆಜ್ಜೆ ತಿರುಗಿಸಿದರೆ ಮುರಿಯುತ್ತದೆ. ಅಲ್ಲಿ ಪ್ರತಿ ಕಟ್ಟಿನಿಂದ ಒಂದೇ ಜೋಡಣೆ ಎಣಿಕೆಗೆ ಬಂದಿದೆ, ಒಟ್ಟು 5040. ಅದನ್ನು ಮತ್ತೆ 8ರಿಂದ ಭಾಗಿಸಿ 630 ಬರೆಯುವವರು ಕಡಿಮೆಯಿಲ್ಲ.

ನನ್ನನ್ನು ಬಹಳ ದಿನ ಕಾಡಿದ ತಪ್ಪು ಇದಲ್ಲ, ಇನ್ನೊಂದು. ಎಲ್ಲ ಜೋಡಿಗಳೂ ಪಕ್ಕಪಕ್ಕ ಕೂರಬೇಕು ಅನ್ನೋಣ. ಸಾಲಿನ ಲೆಕ್ಕ ಎಲ್ಲರಿಗೂ ಬಾಯಿಪಾಠ: ನಾಲ್ಕು ಜೋಡಿಗೆ 4!, ಒಳಗಿನ ಅದಲುಬದಲಿಗೆ 2⁴, ಒಟ್ಟು 384. ಎಂಟರಿಂದ ಭಾಗಿಸಿದರೆ 48. ಸರಿಯುತ್ತರ 96. ಸಾಲಿನಲ್ಲಿ ಜೋಡಿಗಳು 1-2, 3-4, 5-6, 7-8 ಕುರ್ಚಿಗಳಲ್ಲಿ ಮಾತ್ರ ಕೂರುತ್ತವೆ. ಮೇಜಿನಲ್ಲಿ 2-3, 4-5, 6-7, 8-1 ಕೂಡ ಆಗುತ್ತದೆ. ತಟ್ಟೆಯನ್ನು ಒಂದು ಹೆಜ್ಜೆ ತಿರುಗಿಸಿ ನೋಡಿ, 7-8ರ ಜೋಡಿ 8-1ಕ್ಕೆ ಬರುತ್ತದೆ. ಸಾಲಿನ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ, ಅಂದರೆ ಪ್ರತಿ ಕಟ್ಟಿನ ಅರ್ಧ ಮಾತ್ರ ಎಣಿಸಿದ್ದೇವೆ. ಕುರ್ಚಿಗಳನ್ನು ಜೋಡಿ ಮಾಡಲು 2 ರೀತಿ, ಆಮೇಲೆ 4! × 2⁴, ಒಟ್ಟು 768. ಅದನ್ನು 8ರಿಂದ ಭಾಗಿಸಿದರೆ 96. ಎಣಿಸುವಾಗಲೇ ದುಂಡಗೆ ಎಣಿಸಬೇಕು, ಸಾಲಿನಲ್ಲಿ ಎಣಿಸಿ ಆಮೇಲೆ ಬಗ್ಗಿಸಲು ಆಗದು.

48 ಪೂರ್ಣಾಂಕವಾಗಿ ಬಂದದ್ದೇ ಮೋಸ ಮಾಡಿತು. ಶೇಷ ಉಳಿದಿದ್ದರೆ ಮೊದಲ ದಿನವೇ ಎಚ್ಚರವಾಗುತ್ತಿತ್ತು. ಯಾವ ಜೋಡಿಯೂ ಪಕ್ಕಪಕ್ಕ ಕೂರಬಾರದು ಅನ್ನುವ ಷರತ್ತಿನಲ್ಲೂ ಹೀಗೇ ಆಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ತಾಳೆ ನೋಡಲು ಈ ನಾಲ್ಕು ಸಾಲು ಸಾಕು, 0-1 ಒಂದು ಜೋಡಿ, 2-3 ಇನ್ನೊಂದು, ಹೀಗೆ:

```python
from itertools import permutations
c = sum(all(p[i]//2 != p[i-1]//2 for i in range(8))
        for p in permutations(range(8)))
print(c, c//8)
```

ಉತ್ತರ 11904 ಮತ್ತು 1488. ಇಲ್ಲಿ `i` ಸೊನ್ನೆ ಆದಾಗ `p[-1]` ಅಂದರೆ ಕೊನೆಯ ಕುರ್ಚಿ, ಮೇಜನ್ನು ದುಂಡಗೆ ಮುಚ್ಚುವುದು ಅದೇ. ಒಳಗಿನ `range(8)` ಬದಲು `range(1,8)` ಬರೆದರೆ ಮೇಜು ಬಿಚ್ಚಿಕೊಂಡು ಸಾಲಾಗುತ್ತದೆ, 13824 ಬರುತ್ತದೆ, ಭಾಗಿಸಿದರೆ 1728. ಅದೂ ಪೂರ್ಣಾಂಕ, ಅದೂ ತಪ್ಪು. ಕೈಯಲ್ಲಿ ಮಾಡುವವರು ಸೇರಿಸಿ-ಕಳೆಯುವ ಕ್ರಮ ಹಿಡಿಯಿರಿ: 5040 − 5760 + 2880 − 768 + 96, ಆಗಲೂ 1488. ಈ ಸರಣಿಯನ್ನು ಬರೆಯದೆ ಬಾಯಲ್ಲೇ ಮುಗಿಸುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದು ನನ್ನ ಟ್ಯೂಷನ್ ಮಕ್ಕಳಿಗೆ ಮೀಸಲು, ಇಲ್ಲಿ ಹೇಳುವುದಿಲ್ಲ.

ಭಾಜಕ ಯಾವುದು ಅನ್ನುವುದನ್ನು ಮೇಜು ಹೇಳಬೇಕು, ಜನರ ಸಂಖ್ಯೆಯಲ್ಲ. ಚೌಕ ಮೇಜು, ಬದಿಗೆ ಇಬ್ಬರಂತೆ ಎಂಟು ಜನ ಅಂದರೆ ಮೇಜು ತನ್ನ ಮೇಲೆ ತಾನು ಕೂರುವಂತೆ ತಿರುಗುವುದು ನಾಲ್ಕೇ ಸಲ. 40320/4 = 10080. ಒಬ್ಬರನ್ನು ಕೂರಿಸುವ ದಾರಿಯವರು ಇಲ್ಲಿ 5040 ಬರೆದು ಸಿಕ್ಕಿಬೀಳುತ್ತಾರೆ. ಬದಿಯ ಎಡತುದಿಯಲ್ಲಿ ಕೂರುವುದು, ಬಲತುದಿಯಲ್ಲಿ ಕೂರುವುದು ಬೇರೆಬೇರೆ, ಒಬ್ಬರನ್ನು ಕೂರಿಸಲೇ ಎರಡು ರೀತಿ ಇದೆ ಅನ್ನುವುದು ಅವರಿಗೆ ತಕ್ಷಣ ಹೊಳೆಯದು. ಜೊತೆಯವರು ನನ್ನ ದಾರಿಗೆ ಬಂದದ್ದು ಈ ಲೆಕ್ಕದ ಮೇಲೆ.

ಚೀಟಿ ತೆಗೆದು ಕಾಳು ಇಟ್ಟು ನೋಡಿದ ಪ್ರಯೋಗವನ್ನೂ ಹೇಳಬೇಕು. ಆರು ಜಾಗ, ಮೂರು ಹುಣಸೆ ಬೀಜ, ಮೂರು ಅವರೆಕಾಳು. ನಂಬರಿನ ಜಾಗಗಳಲ್ಲಿ 20 ರೀತಿ. 20/6 ಭಾಗವಾಗದು. ಕಾರಣ ತಟ್ಟೆಯಲ್ಲೇ ಕಾಣುತ್ತದೆ: ಬೀಜ, ಕಾಳು, ಬೀಜ, ಕಾಳು ಎಂದು ಒಂದುಬಿಟ್ಟೊಂದು ಇಟ್ಟರೆ ಎರಡು ಹೆಜ್ಜೆ ತಿರುಗಿಸುವಷ್ಟರಲ್ಲಿ ಮೊದಲಿನದೇ ನೋಟ. ಆ ಕಟ್ಟಿನಲ್ಲಿ ಇರುವುದು ಎರಡೇ. ಉಳಿದವು ಆರಾರರ ಮೂರು ಕಟ್ಟು, 6+6+6+2 = 20, ಉತ್ತರ 4. ಕಟ್ಟುಗಳ ಗಾತ್ರ ಹೀಗೆ ಏರುಪೇರಾದಾಗ ಬರ್ನ್‌ಸೈಡ್ ಲೆಕ್ಕಕ್ಕೆ ಹೋಗಬೇಕು: ಪ್ರತಿ ತಿರುಗಿಸುವಿಕೆಗೂ ಬದಲಾಗದೆ ಉಳಿಯುವ ನೋಟಗಳನ್ನು ಎಣಿಸಿ, 20+0+2+0+2+0 = 24, ಆರರಿಂದ ಭಾಗಿಸಿದರೆ 4. ಅ, ಆ, ಇ, ಈ ಎಂದು ಬೇರೆಬೇರೆ ಹೆಸರಿರುವವರ ಮೇಜಿನಲ್ಲಿ ಮೊದಲ ಸಂಖ್ಯೆಯ ನಂತರದವೆಲ್ಲ ಸೊನ್ನೆಯೇ, ಆಗ ಬರ್ನ್‌ಸೈಡ್ ಲೆಕ್ಕವೂ ನಮ್ಮ ಸಾದಾ ಭಾಗಾಕಾರವೇ ಆಗಿಬಿಡುತ್ತದೆ.