ಅಪ್ಪ-ಮಗನ ವಯಸ್ಸಿನ ಲೆಕ್ಕ: ಆವರಣ ಚಿಹ್ನೆ ಬಿಡಬೇಡಿ

ಈಗ ಅಪ್ಪನ ವಯಸ್ಸು ಮಗನ 3 ಪಟ್ಟು. 10 ವರ್ಷದ ಹಿಂದೆ 5 ಪಟ್ಟು ಇತ್ತು. ಇಬ್ಬರ ಈಗಿನ ವಯಸ್ಸೆಷ್ಟು?

ಮಗನ ಈಗಿನ ವಯಸ್ಸನ್ನು x ಅಂತಿಟ್ಟುಕೊಳ್ಳಿ. ಆಗ ಅಪ್ಪನದು 3x. ಸಮೀಕರಣಕ್ಕೆ ಮೊದಲು ಇಬ್ಬರ ಹಳೆಯ ವಯಸ್ಸನ್ನೂ ಬೇರೆಯಾಗಿ ಬರೆದುಕೊಳ್ಳಿ: x − 10 ಮತ್ತು 3x − 10. 10 ವರ್ಷ ಇಬ್ಬರಿಗೂ ಕಳೆಯುತ್ತದೆ, ಅಲ್ವಾ?

3x − 10 = 5(x − 10)

ಜಾಸ್ತಿ ಜನ ಎಡವುವುದು ಇಲ್ಲೇ. ಆವರಣ ಬಿಟ್ಟು 5x − 10 ಅಂತ ಬರೆದರೆ ಮಗನ ವಯಸ್ಸು 0 ಬರುತ್ತದೆ! ಅಪ್ಪನಿಗೆ ಮಾತ್ರ 10 ಕಳೆದರೆ −5. ಹೀಗೆ ಬಂದರೆ ಸುಮ್ನೆ ಮುಂದೆ ಹೋಗಬೇಡಿ, ಈ ಸಾಲನ್ನೇ ಮತ್ತೆ ನೋಡಿ.

ಸರಿಯಾಗಿ ಬಿಡಿಸಿದರೆ 3x − 10 = 5x − 50, ಅಂದರೆ 2x = 40. ಮಗನಿಗೆ 20, ಅಪ್ಪನಿಗೆ 60. ತಾಳೆ ನೋಡಿ: 10 ವರ್ಷದ ಹಿಂದೆ 10 ಮತ್ತು 50, ಸರಿಯಾಗಿ 5 ಪಟ್ಟು.